ನಿಗದಿತ ವೇಳೆಗೆ ಹೊರಡದ ಸಂದೇಶ: ದೋಷ ಪತ್ತೆಯ ಕ್ರಮ

ಹುಣಸೂರಿನ ಸಗಟು ವರ್ತಕರೊಬ್ಬರು ವೀರನಹೊಸಹಳ್ಳಿ ಮಾರ್ಗದ ಕಿರಾಣಿ ಅಂಗಡಿಗಳಿಗೆ ಪ್ರತಿ ಸೋಮವಾರ ಸರಕು ಕಳುಹಿಸುತ್ತಾರೆಂದು ಭಾವಿಸೋಣ. ಬೇಕಾದ ಸರಕಿನ ಪಟ್ಟಿ ಕೇಳುವ ಎಸ್ಎಂಎಸ್ ಬೆಳಿಗ್ಗೆ 5 ಗಂಟೆಗೆ ಅವರ ಆಂಡ್ರಾಯ್ಡ್ ಫೋನಿನಿಂದ ತಾನಾಗಿಯೇ ಹೊರಡಬೇಕು. 7 ಗಂಟೆಗೆ ವಾಹನ ಹೊರಡುತ್ತದೆ. ಸಂದೇಶ ತಪ್ಪಿದ ದಿನ ವಾಹನ ಅರ್ಧ ಖಾಲಿ ಹೋಗುತ್ತದೆ. ಡೀಸೆಲ್ ವೆಚ್ಚವೇನೂ ಕಡಿಮೆಯಾಗದು.

ಇಂತಹ ಸಂದರ್ಭದಲ್ಲಿ ವ್ಯವಸ್ಥೆಯನ್ನು ಅಳಿಸಿ ಮತ್ತೆ ಸ್ಥಾಪಿಸುವುದು ಸರಿಯಲ್ಲ. ಅದರಿಂದ ಕಾರಣದ ಗುರುತೇ ಅಳಿಸಿಹೋಗುತ್ತದೆ. ಮೊದಲು ತಂತ್ರಾಂಶದ ದಾಖಲೆಯನ್ನು ತೆರೆದು, ಕೆಲಸವು ತಡವಾಗಿ ಆರಂಭವಾಯಿತೇ, ಸಕಾಲಕ್ಕೆ ಆರಂಭವಾಗಿ ವಿಫಲವಾಯಿತೇ ಅಥವಾ ಆರಂಭವೇ ಆಗಲಿಲ್ಲವೇ ಎಂಬುದನ್ನು ನೋಡಬೇಕು.

ಮಾಲೀಕರು 6.40ಕ್ಕೆ ಫೋನನ್ನು ಕೈಗೆತ್ತಿಕೊಂಡೊಡನೆ ಸಂದೇಶ ಹೊರಟಿದ್ದರೆ ಬ್ಯಾಟರಿ ಮಿತಿಯನ್ನು ಶಂಕಿಸಬೇಕು. 2015ರ ಆಂಡ್ರಾಯ್ಡ್ 6ರಿಂದೀಚೆಗೆ, ಚಾರ್ಜರ್ ಇಲ್ಲದೆ, ಪರದೆ ಆರಿ, ಅಲುಗಾಡದೆ ಬಿದ್ದಿರುವ ಫೋನು ಹಿನ್ನೆಲೆಯ ಕೆಲಸಗಳನ್ನು ಮುಂದೂಡುತ್ತದೆ. ಹಗಲಿನಲ್ಲಿ ಫೋನು ಕೈಯಲ್ಲಿರುವುದರಿಂದ ಪರೀಕ್ಷೆಯಲ್ಲಿ ಈ ದೋಷ ಕಾಣುವುದಿಲ್ಲ. ಆದುದರಿಂದ ಎರಡು ಗಂಟೆ ನಂತರದ ವೇಳೆಯನ್ನು ನಿಗದಿಪಡಿಸಿ, ಚಾರ್ಜರ್ ತೆಗೆದು, ಫೋನನ್ನು ಮುಟ್ಟದೆ ಮೇಜಿನ ಮೇಲಿಟ್ಟು ಪರೀಕ್ಷಿಸಬೇಕು. ಪರಿಹಾರವಾಗಿ ಆ ತಂತ್ರಾಂಶದ ಬ್ಯಾಟರಿ ಬಳಕೆಯನ್ನು `Unrestricted` ಎಂದಿರಿಸಿ, `Alarms & reminders` ಅನುಮತಿಯನ್ನೂ ನೀಡಬೇಕು. ಕೆಲವು ತಯಾರಕರ ಫೋನುಗಳಲ್ಲಿ ಇದಲ್ಲದೆ ಪ್ರತ್ಯೇಕ ಬ್ಯಾಟರಿ ನಿರ್ಬಂಧವೂ ಇರುತ್ತದೆ.

ದಾಖಲೆಯಲ್ಲಿ 5 ಗಂಟೆಗೆ ಆರಂಭವಾಗಿ, ಕಳುಹಿಸುವಲ್ಲಿ ದೋಷ ಕಂಡಿದ್ದರೆ ಎಸ್ಎಂಎಸ್ ಅನುಮತಿಯನ್ನು ನೋಡಬೇಕು. 2020ರ ಆಂಡ್ರಾಯ್ಡ್ 11ರಿಂದ, ಕೆಲವು ತಿಂಗಳು ತೆರೆಯದ ತಂತ್ರಾಂಶದ ಅನುಮತಿಗಳನ್ನು ಫೋನು ತಾನೇ ಹಿಂಪಡೆಯಬಲ್ಲದು. ತೊಂದರೆಯಿಲ್ಲದೆ ನಡೆಯುವ ತಂತ್ರಾಂಶವನ್ನು ಯಾರೂ ತೆರೆಯದಿರುವುದರಿಂದ ಅದೇ ಈ ನಿಯಮಕ್ಕೆ ಸಿಲುಕಬಹುದು. ಬಳಸದ ತಂತ್ರಾಂಶವನ್ನು ತಡೆಹಿಡಿಯುವ ಆಯ್ಕೆಯನ್ನು ಇದೊಂದಕ್ಕೆ ಮಾತ್ರ ತೆಗೆದುಹಾಕಬೇಕು.

ದಾಖಲೆಯೇ ಖಾಲಿಯಿದ್ದರೆ, ಯಾರಾದರೂ ತಂತ್ರಾಂಶವನ್ನು `Force stop` ಮಾಡಿರಬಹುದು. ಹಾಗಾದಾಗ ಅದನ್ನು ಮತ್ತೆ ತೆರೆಯುವವರೆಗೆ ನಿಗದಿತ ಕೆಲಸಗಳು ನಡೆಯುವುದಿಲ್ಲ.

ಇದೇ ಕೆಲಸವನ್ನು ದೂರದ ಸರ್ವರ್‌ಗೆ ವಹಿಸಿದ್ದು, ಸಂದೇಶ ಪ್ರತಿ ವಾರವೂ ಬೆಳಿಗ್ಗೆ 10.30ಕ್ಕೆ ಹೊರಡುತ್ತಿದ್ದರೆ, ಆ ಐದೂವರೆ ಗಂಟೆಯ ಅಂತರವೇ ಕಾರಣವನ್ನು ಹೇಳುತ್ತದೆ. ಅನೇಕ ಸರ್ವರ್‌ಗಳು ಅಂತರರಾಷ್ಟ್ರೀಯ ಸಮಯವನ್ನು ಅನುಸರಿಸುತ್ತವೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ನಮ್ಮ ಸೋಮವಾರ ಬೆಳಿಗ್ಗೆ 5 ಗಂಟೆ ಅಲ್ಲಿ ಭಾನುವಾರ ರಾತ್ರಿ 11.30. ಆದುದರಿಂದ ಗಂಟೆಯೊಡನೆ ವಾರವನ್ನೂ ಬದಲಿಸಬೇಕು:

```
30 23 * * 0
```

ಇಲ್ಲಿ ಕೊನೆಯ ಸೊನ್ನೆ ಭಾನುವಾರವನ್ನು ಸೂಚಿಸುತ್ತದೆ. ಗಂಟೆಯನ್ನಷ್ಟೇ ತಿದ್ದಿ ವಾರವನ್ನು ಸೋಮವಾರವೆಂದೇ ಬಿಟ್ಟರೆ, ಸಂದೇಶವು ವಾಹನ ಹೋಗಿಬಂದ ಮರುದಿನ, ಮಂಗಳವಾರ ಬೆಳಿಗ್ಗೆ ಅಂಗಡಿಗಳನ್ನು ತಲುಪುತ್ತದೆ.