ದೂರಿನಿಂದ ತೀರ್ಮಾನದವರೆಗೆ ಒಂದು ಕಡತ

2009ರಲ್ಲಿ ಗೋವಾ ವಿಶ್ವವಿದ್ಯಾಲಯದ ವಿಭಾಗ ಮುಖ್ಯಸ್ಥರೊಬ್ಬರ ಮೇಲೆ ವಿದ್ಯಾರ್ಥಿನಿಯರು ಲೈಂಗಿಕ ಕಿರುಕುಳದ ದೂರು ಕೊಟ್ಟರು. ಸಮಿತಿ ವಿಚಾರಣೆ ನಡೆಸಿ ಆರೋಪ ಸಾಬೀತಾಗಿದೆ ಎಂದಿತು. ಅವರು ಕೆಲಸ ಕಳೆದುಕೊಂಡರು. 2023ರ ಮೇ 12ರಂದು ಸುಪ್ರೀಂ ಕೋರ್ಟ್ ಆ ಕ್ರಮವನ್ನು ರದ್ದುಮಾಡಿ, ವಿಚಾರಣೆ ಮುಂದುವರಿಸುವಂತೆ ಪ್ರಕರಣವನ್ನು ಸಮಿತಿಗೇ ಮರಳಿಸಿತು. ಆರೋಪ ಸುಳ್ಳೆಂದು ಕೋರ್ಟ್ ಹೇಳಲಿಲ್ಲ. ಸಮಿತಿ ಒಂದರ ಹಿಂದೆ ಒಂದು ಸಭೆ ನಡೆಸಿ, ಅನಾರೋಗ್ಯದ ಕಾರಣಕ್ಕೆ ಕೇಳಿದ ಕಾಲಾವಕಾಶವನ್ನೂ ಕೊಡದೆ, ಏಕಪಕ್ಷೀಯವಾಗಿ ಮುಗಿಸಿಬಿಟ್ಟಿತ್ತು. ಆ ಅವಸರದಿಂದ ದೂರು ಕೊಟ್ಟವರಿಗೂ 14 ವರ್ಷವಾದರೂ ಅಂತಿಮ ಉತ್ತರ ಸಿಗಲಿಲ್ಲ.

2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಪ್ರತಿ ಕಡೆಯೂ ಆಂತರಿಕ ಸಮಿತಿ ಇರಬೇಕು. ಅದರ ಕೆಲಸ ಹೇಗೆ ಸಾಗಬೇಕೆಂದು ತಿಳಿಯಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಒಂದು ಗಾರ್ಮೆಂಟ್ಸ್. ಹೊಲಿಗೆ ಲೈನಿನ ಮಹಿಳೆಯೊಬ್ಬರು ಸೂಪರ್‌ವೈಸರ್ ಮೇಲೆ ದೂರು ತಂದಿದ್ದಾರೆ. ಮಾರ್ಚ್ 10ರಂದು ಮೆಷಿನ್ ಬಳಿ ಬಂದು ಹೆಗಲು ಮುಟ್ಟಿದ. ಮಾರ್ಚ್ 14ರ ರಾತ್ರಿ ಫೋನಿಗೆ ಅಸಭ್ಯ ಸಂದೇಶ ಕಳಿಸಿದ.

ಘಟನೆಯಾದ ಮೂರು ತಿಂಗಳೊಳಗೆ ದೂರು ಲಿಖಿತವಾಗಿ ಬರಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಬಾರದವರಿಗೆ ಬರೆದುಕೊಡುವುದು ಸಮಿತಿಯ ಹೊಣೆ. ಹಾಗೆ ಬರೆಯುವಾಗ ಆಕೆಯ ಮಾತನ್ನು ಆಫೀಸಿನ ಭಾಷೆಗೆ ತಿದ್ದಬಾರದು. ‘ಹೆಗಲ ಮೇಲೆ ಕೈ ಇಟ್ಟು ಒತ್ತಿದ’ ಎಂದದ್ದು ‘ಅನುಚಿತವಾಗಿ ವರ್ತಿಸಿದರು’ ಎಂದಾದರೆ, ಆರೋಪಿತನಿಗೆ ಯಾವುದಕ್ಕೆ ಉತ್ತರ ಕೊಡಬೇಕೆಂದೇ ತಿಳಿಯುವುದಿಲ್ಲ. ಬರೆದದ್ದನ್ನು ಓದಿ ಹೇಳಿ, ಒಪ್ಪಿದ ಮೇಲೆ ಸಹಿ ಪಡೆದು, ಸ್ವೀಕರಿಸಿದ ದಿನಾಂಕ ಹಾಕಬೇಕು.

ಗಡುವುಗಳ ಲೆಕ್ಕ ಆ ದಿನಾಂಕದಿಂದಲೇ ಶುರು. ಏಳು ಕೆಲಸದ ದಿನಗಳೊಳಗೆ ದೂರಿನ ಪ್ರತಿ ಸೂಪರ್‌ವೈಸರ್ ಕೈಸೇರಬೇಕು. ಅವರು ಹತ್ತು ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ಪ್ರತಿ ತಲುಪಿದ್ದಕ್ಕೆ ಸ್ವೀಕೃತಿ ಸಹಿ ಕಡತದಲ್ಲಿ ಇಲ್ಲದಿದ್ದರೆ, ‘ನನಗೆ ತಿಳಿಸಲೇ ಇಲ್ಲ’ ಎಂಬ ತಕರಾರಿಗೆ ಸಮಿತಿಯ ಬಳಿ ಉತ್ತರವಿರುವುದಿಲ್ಲ. ವಿಚಾರಣೆಗೆ ಬಾರದವರ ಬಗ್ಗೆಯೂ ನಿಯಮ ಸ್ಪಷ್ಟ: ಸಕಾರಣವಿಲ್ಲದೆ ಸತತ ಮೂರು ಬಾರಿ ಗೈರಾದರೆ ಮಾತ್ರ, ಅದೂ 15 ದಿನಗಳ ಲಿಖಿತ ನೋಟಿಸ್ ಕೊಟ್ಟ ಮೇಲೆ, ಏಕಪಕ್ಷೀಯ ಆದೇಶಕ್ಕೆ ಅವಕಾಶ.

ವಿಚಾರಣೆಯ ದಿನ ಅಧ್ಯಕ್ಷೆ ಸೇರಿ ಕನಿಷ್ಠ ಮೂವರು ಸದಸ್ಯರು ಹಾಜರಿರಬೇಕು. ಇಬ್ಬರೇ ಕೂತು ಪಡೆದ ಹೇಳಿಕೆ ಎಷ್ಟೇ ನಿಜವಾಗಿದ್ದರೂ ದುರ್ಬಲ. ವಕೀಲರಿಗೆ ಪ್ರವೇಶವಿಲ್ಲ. ದೂರುದಾರೆ ಎದುರಾಳಿಯ ಮುಖ ನೋಡಲು ಅಂಜಿದರೆ, ಆತನ ಪ್ರಶ್ನೆಗಳನ್ನು ಬರೆಸಿಕೊಂಡು ಅಧ್ಯಕ್ಷೆ ಕೇಳುವ ಪದ್ಧತಿಯಿದೆ. ಯಾವುದಾದರೂ ಪ್ರಶ್ನೆಯನ್ನು ಬಿಟ್ಟರೆ, ಏಕೆ ಬಿಟ್ಟೆವೆಂದು ನಡಾವಳಿಯಲ್ಲಿ ಬರೆಯಬೇಕು. ‘ಸಾಕ್ಷಿಗಳನ್ನು ಕೇಳಲಾಯಿತು’ ಎಂಬ ಒಂದು ಸಾಲು ನಡಾವಳಿಯಲ್ಲ. ಕೇಳಿದ ಪ್ರಶ್ನೆ, ಬಂದ ಉತ್ತರ, ಎರಡೂ ಅಲ್ಲಿರಬೇಕು.

ಈಗ ಸಾಕ್ಷ್ಯ. ಸ್ಕ್ರೀನ್‌ಶಾಟ್ ಒಂದನ್ನೇ ನಂಬದೆ ಸಮಿತಿ ಆಕೆಯ ಫೋನನ್ನೇ ನೋಡುತ್ತದೆ. ಸಂದೇಶ ಬಂದ ನಂಬರು, ದಿನ, ಹೊತ್ತು ಬರೆದು ಎಲ್ಲರೂ ಸಹಿ ಮಾಡುತ್ತಾರೆ. ನಂಬರು ತನ್ನದೇ ಎಂದು ಸೂಪರ್‌ವೈಸರ್ ಒಪ್ಪುತ್ತಾರೆ. ಆದರೆ ಹಾಜರಿ ಪುಸ್ತಕದ ಪ್ರಕಾರ ಅವರು ಮಾರ್ಚ್ 10ರಂದು ರಜೆಯಲ್ಲಿದ್ದರು.

ಸಮಿತಿಯ ನಿಜವಾದ ಪರೀಕ್ಷೆ ಇಲ್ಲಿದೆ. ಈ ದಾಖಲೆಯನ್ನು ಮುಚ್ಚಿಡುವುದೂ ತಪ್ಪು, ಇದೊಂದರಿಂದ ಇಡೀ ದೂರನ್ನು ತಳ್ಳಿಹಾಕುವುದೂ ತಪ್ಪು. ಆಕೆಯನ್ನು ಕರೆದು, ಪುಸ್ತಕ ತೋರಿಸಿ, ವಿವರಣೆ ಕೇಳಬೇಕು. ಆಕೆ ದಿನಾಂಕ ಮರೆತಿರಬಹುದು ಎನ್ನುತ್ತಾರೆ. ಪಕ್ಕದ ಮೆಷಿನಿನವರು ತಾವೇನೂ ಕಾಣಲಿಲ್ಲ ಎನ್ನುತ್ತಾರೆ.

ಹೀಗಾದಾಗ ವರದಿ ಒಂದೊಂದು ಆರೋಪಕ್ಕೂ ಬೇರೆ ಬೇರೆ ತೀರ್ಮಾನ ಬರೆಯಬೇಕು. ಕ್ರಿಮಿನಲ್ ಕೋರ್ಟಿನಂತೆ ಸಂಶಯಾತೀತ ಪುರಾವೆ ಇಲ್ಲಿ ಬೇಕಿಲ್ಲ; ಯಾವುದು ನಡೆದಿರುವ ಸಂಭವ ಹೆಚ್ಚು ಎಂಬುದಷ್ಟೇ ಅಳತೆ. ಸಂದೇಶದ ಆರೋಪ ಸಾಬೀತು: ಫೋನ್ ಪರಿಶೀಲನೆ ಮತ್ತು ಆತನ ಒಪ್ಪಿಗೆ ಆಧಾರ. ಹೆಗಲು ಮುಟ್ಟಿದ ಆರೋಪ ಸಾಬೀತಾಗಿಲ್ಲ: ದಿನಾಂಕ ಹೊಂದಲಿಲ್ಲ, ಬೇರೆ ಸಾಕ್ಷ್ಯ ಸಿಗಲಿಲ್ಲ. ‘ಸಾಬೀತಾಗಿಲ್ಲ’ ಎಂಬುದನ್ನು ‘ಸುಳ್ಳು ದೂರು’ ಎಂದು ಬರೆಯಲೇಬಾರದು. ಪುರಾವೆ ಒದಗಿಸಲಾಗದ್ದಕ್ಕೇ ದೂರುದಾರೆಯ ಮೇಲೆ ಕ್ರಮ ಸಲ್ಲದೆಂದು ಕಾಯ್ದೆಯೇ ಹೇಳುತ್ತದೆ.

ಇಬ್ಬರೂ ಉದ್ಯೋಗಿಗಳಾಗಿದ್ದರೆ, ಈ ತೀರ್ಮಾನಗಳ ಪ್ರತಿ ಇಬ್ಬರಿಗೂ ಸಿಗಬೇಕು, ಆಕ್ಷೇಪಣೆಗೆ ಅವಕಾಶವಿರಬೇಕು. ಅನೇಕ ಸಮಿತಿಗಳು ಈ ಹೆಜ್ಜೆಯನ್ನು ಬಿಟ್ಟು ನೇರ ಆಡಳಿತಕ್ಕೆ ವರದಿ ಕೊಡುತ್ತವೆ, ದೊಡ್ಡ ಲೋಪವಿದು. 90 ದಿನಗಳಲ್ಲಿ ವಿಚಾರಣೆ, ಮುಗಿದ ಹತ್ತು ದಿನದೊಳಗೆ ವರದಿ, ವರದಿ ಬಂದ 60 ದಿನಗಳೊಳಗೆ ಮಾಲೀಕರ ಕ್ರಮ. ಒಪ್ಪದವರು 90 ದಿನಗಳೊಳಗೆ ಮೇಲ್ಮನವಿ ಹೋಗಬಹುದು. ಅಲ್ಲಿ ಮೊದಲು ತೆರೆಯುವುದು ಸ್ವೀಕೃತಿ, ನೋಟಿಸ್ ಮತ್ತು ನಡಾವಳಿಯ ಹಾಳೆಗಳನ್ನೇ.