ಸೋಡಿಯಂ ಅಂಕಿಯನ್ನು ನಾನೂರರಿಂದ ಭಾಗಿಸಿ

ಅಡುಗೆಮನೆಯಲ್ಲಿರುವ ಪುಡಿ ಉಪ್ಪಿನ ಪ್ಯಾಕೆಟ್ಟನ್ನು ಒಮ್ಮೆ ತಿರುಗಿಸಿ ನೋಡಿ. ಹಿಂಬದಿಯ ಪೋಷಕಾಂಶಗಳ ಪಟ್ಟಿಯಲ್ಲಿ, ನೂರು ಗ್ರಾಂ ಉಪ್ಪಿಗೆ ಸೋಡಿಯಂ ಹೆಚ್ಚುಕಡಿಮೆ 39,000 ಮಿಲಿಗ್ರಾಂ, ಅಂದರೆ 39 ಗ್ರಾಂ ಎಂದಿರುತ್ತದೆ. ಒಳಗಿರುವುದು ಬರೀ ಉಪ್ಪೇ. ಆದರೂ ಅದರಲ್ಲಿ ಸೋಡಿಯಂ ಪಾಲು ನೂರಕ್ಕೆ ನಲವತ್ತನ್ನೂ ಮುಟ್ಟುವುದಿಲ್ಲ, ಮಿಕ್ಕದ್ದು ಕ್ಲೋರಿನ್. ಉಪ್ಪಿನಲ್ಲಿ ಒಂದು ಸೋಡಿಯಂ ಪರಮಾಣುವಿಗೆ ಒಂದು ಕ್ಲೋರಿನ್ ಪರಮಾಣು ಜೊತೆಗಿರುತ್ತದೆ. ಸೋಡಿಯಂ ತೂಕ 23 ಆದರೆ ಕ್ಲೋರಿನ್ನಿನದು 35.5. ಎರಡೂ ಸೇರಿದ 58.5ನ್ನು 23ರಿಂದ ಭಾಗಿಸಿದರೆ 2.54 ಬರುತ್ತದೆ. ಒಂದು ಗ್ರಾಂ ಸೋಡಿಯಂ ಇದ್ದಲ್ಲಿ ಎರಡೂವರೆ ಗ್ರಾಂ ಉಪ್ಪು ಇದೆ ಎಂದು ಲೆಕ್ಕ ಹಾಕುವುದು ಇದರ ಆಧಾರದ ಮೇಲೆ.

ಗೊಂದಲ ಹುಟ್ಟುವುದೂ ಇಲ್ಲೇ. ಬಿಪಿ ಇರುವವರಿಗೆ ವೈದ್ಯರು ಹೇಳುವುದು ಉಪ್ಪಿನ ಮಾತು: ದಿನಕ್ಕೆ ಐದು ಗ್ರಾಂ ದಾಟಬೇಡಿ, ಒಂದು ಟೀ ಚಮಚಕ್ಕಿಂತ ತುಸು ಕಡಿಮೆಯೇ ಇರಲಿ. ಅಂಗಡಿಯ ಪೊಟ್ಟಣ ಹೇಳುವುದು ಸೋಡಿಯಂ ಲೆಕ್ಕ, ಅದೂ ಮಿಲಿಗ್ರಾಂನಲ್ಲಿ. ಪೊಟ್ಟಣದ ಮೇಲೆ 800 ಮಿಲಿಗ್ರಾಂ ಎಂದು ಓದಿದವರು, ಓಹೋ ಒಂದು ಗ್ರಾಂ ಉಪ್ಪೂ ಇಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಅಲ್ಲಿರುವುದು ಎರಡು ಗ್ರಾಂ.

ಮಿಲಿಗ್ರಾಂ ಅಂಕಿಯನ್ನು 2.5ರಿಂದ ಗುಣಿಸಿ, ಸಾವಿರದಿಂದ ಭಾಗಿಸುವುದು ಪುಸ್ತಕದ ದಾರಿ. ಅಂಗಡಿಯಲ್ಲಿ ಒಂದು ಕೈಯಲ್ಲಿ ಚೀಲ ಹಿಡಿದು ನಿಂತವರಿಗೆ ಅದು ಆಗದ ಕೆಲಸ. ಎರಡೂ ಹೆಜ್ಜೆಗಳನ್ನು ಸೇರಿಸಿದರೆ ಉಳಿಯುವುದು ಒಂದೇ: ಸೋಡಿಯಂ ಮಿಲಿಗ್ರಾಂ ಅಂಕಿಯನ್ನು 400ರಿಂದ ಭಾಗಿಸಿ. ಕೊನೆಯ ಎರಡು ಅಂಕಿ ಬಿಟ್ಟು ಉಳಿದದ್ದನ್ನು ನಾಲ್ಕು ಭಾಗ ಮಾಡಿದರೆ ಸಾಕು. 800 ಇದ್ದರೆ ಎಂಟರ ಕಾಲುಭಾಗ, ಎರಡು ಗ್ರಾಂ. 1,200 ಇದ್ದರೆ ಮೂರು ಗ್ರಾಂ. 2.54ರ ಬದಲು 2.5 ಹಿಡಿದರೆ ನೂರಕ್ಕೆ ಒಂದೂವರೆಯಷ್ಟು ಕಡಿಮೆ ಬರುತ್ತದೆ, ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯೂ ಇದೇ 2.5 ಹಿಡಿಯುತ್ತದೆ. ಜಗತ್ತಿನ ವಯಸ್ಕರು ದಿನಕ್ಕೆ ಸರಾಸರಿ 4,310 ಮಿಲಿಗ್ರಾಂ ಸೋಡಿಯಂ, ಅಂದರೆ 10.78 ಗ್ರಾಂ ಉಪ್ಪು ತಿನ್ನುತ್ತಾರೆ ಎಂದು ಅದು ಹೇಳುವಾಗ ಮಾಡಿರುವ ಗುಣಾಕಾರ ಅಷ್ಟೇ. ಅದೇ ಸಂಸ್ಥೆ ಹಾಕಿರುವ ಗಡಿ 2,000 ಮಿಲಿಗ್ರಾಂ; 400ರಿಂದ ಭಾಗಿಸಿದರೆ ವೈದ್ಯರ ಐದು ಗ್ರಾಂ ಸಿಗುತ್ತದೆ.

ಭಾಗಾಕಾರಕ್ಕಿಂತ ಹೆಚ್ಚು ಜನ ಎಡವುವುದು ಅದಕ್ಕೂ ಮುಂಚಿನ ಹೆಜ್ಜೆಯಲ್ಲಿ. ನಮ್ಮ ಪೊಟ್ಟಣಗಳಲ್ಲಿ ಸೋಡಿಯಂ ಸಾಮಾನ್ಯವಾಗಿ ನೂರು ಗ್ರಾಂ ತಿಂಡಿಗೆ ಎಷ್ಟು ಎಂದು ಇರುತ್ತದೆ. ನಾವು ತಿನ್ನುವುದು ನೂರು ಗ್ರಾಂ ಆಗಿರಬೇಕೆಂದೇನಿಲ್ಲ. ಮಕ್ಕಳ ಅಚ್ಚುಮೆಚ್ಚಿನ ದಿಢೀರ್ ನೂಡಲ್ಸನ್ನೇ ತೆಗೆದುಕೊಳ್ಳೋಣ. ನೂರು ಗ್ರಾಂಗೆ ಸೋಡಿಯಂ 1,140 ಮಿಲಿಗ್ರಾಂ ಎಂದಿದೆ, ಪೊಟ್ಟಣದ ತೂಕ 70 ಗ್ರಾಂ ಎಂದುಕೊಳ್ಳಿ. 1,140ರ ಹತ್ತರಲ್ಲೊಂದು ಭಾಗ 114, ಅದರ ಏಳು ಪಟ್ಟು 798. ಇದನ್ನು 400ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಎರಡು ಗ್ರಾಂ ಉಪ್ಪು. ಲೆಕ್ಕ ಸರಿಯೇ ಎಂದು ನೋಡಲು ಅದೇ ಪಟ್ಟಿಯಲ್ಲಿ ಇನ್ನೊಂದು ಕಾಲಂ ಇರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಂತೆ, ಒಂದು ಬಾರಿ ಬಡಿಸುವ ಪ್ರಮಾಣದಿಂದ ದಿನದ ಮಿತಿಯಲ್ಲಿ ಶೇಕಡಾ ಎಷ್ಟು ಮುಗಿಯುತ್ತದೆ ಎಂದು ಕಂಪನಿ ತಿಳಿಸಬೇಕು. ಸೋಡಿಯಂಗೆ ಆ ಮಿತಿ 2,000 ಮಿಲಿಗ್ರಾಂ. ನಮ್ಮ ನೂಡಲ್ಸಿಗೆ ಅಲ್ಲಿ ಶೇ. 40 ಎಂದಿರಬೇಕು. ಐದು ಗ್ರಾಂನಲ್ಲಿ ಶೇ. 40 ಎಂದರೂ ಎರಡೇ ಗ್ರಾಂ, ತಾಳೆಯಾಯಿತು.

ತಾಳೆಯಾಗದೆ ಶೇ. 20 ಎಂದು ಕಂಡರೆ ಕಂಪನಿ ಸುಳ್ಳು ಹೇಳಿದೆ ಎನ್ನುವ ಮುಂಚೆ, ಬಡಿಸುವ ಪ್ರಮಾಣ ಎಷ್ಟೆಂದು ಬರೆದಿದೆ ನೋಡಿ. ಅಲ್ಲಿ 35 ಗ್ರಾಂ ಎಂದಿರಬಹುದು, ಅರ್ಧ ಪೊಟ್ಟಣ. ಅರ್ಧ ಪೊಟ್ಟಣ ನೂಡಲ್ಸ್ ತಿಂದು ಏಳುವ ಮಗುವನ್ನು ನಾನಂತೂ ಕಂಡಿಲ್ಲ. ಶೇಕಡಾ ಅಂಕಿಯನ್ನು ಹಾಗೇ ನಂಬುವ ಬದಲು, ತಟ್ಟೆಗೆ ಬೀಳುವ ತೂಕದಿಂದ ಲೆಕ್ಕ ಶುರು ಮಾಡುವುದು ಮೇಲು.

ತೂಕ ಎಷ್ಟು ಮುಖ್ಯ ಎಂಬುದಕ್ಕೆ ಉಪ್ಪಿನಕಾಯಿ, ಬ್ರೆಡ್ಡುಗಳನ್ನು ಅಕ್ಕಪಕ್ಕ ಇಡಬಹುದು. ನೂರು ಗ್ರಾಂಗೆ 5,000 ಮಿಲಿಗ್ರಾಂ ಸೋಡಿಯಂ ಇರುವ ಉಪ್ಪಿನಕಾಯಿಯಲ್ಲಿ ಹನ್ನೆರಡೂವರೆ ಗ್ರಾಂ ಉಪ್ಪು. ಓದಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಎಲೆಯ ತುದಿಗೆ ಹಾಕಿಸಿಕೊಳ್ಳುವುದು ಹತ್ತು ಗ್ರಾಂ, ಅದರಲ್ಲಿರುವುದು ಒಂದೂಕಾಲು ಗ್ರಾಂ ಉಪ್ಪು. ನೂರು ಗ್ರಾಂಗೆ 450 ಮಿಲಿಗ್ರಾಂ ಇರುವ ಬ್ರೆಡ್ಡು ನಾಲಿಗೆಗೆ ಸಪ್ಪೆ. ಮೂವತ್ತು ಗ್ರಾಂ ತೂಗುವ ನಾಲ್ಕು ಹೋಳು ತಿಂದವರ ಹೊಟ್ಟೆಗೆ 540 ಮಿಲಿಗ್ರಾಂ ಸೋಡಿಯಂ, ಅಂದರೆ 1.35 ಗ್ರಾಂ ಉಪ್ಪು ಸೇರಿರುತ್ತದೆ. ಉಪ್ಪಿನಕಾಯಿಗಿಂತ ಹೆಚ್ಚೇ ಆಯಿತು.

ಇನ್ನು ಈ ಲೆಕ್ಕ ನಿಜವಾದ ಉಪ್ಪನ್ನು ಹೇಳದ ಜಾಗಗಳೂ ಇವೆ. ಸೋಡಿಯಂ ಬರುವುದು ಉಪ್ಪೊಂದರಿಂದಲೇ ಅಲ್ಲ. ಅಡುಗೆ ಸೋಡಾದ ತೂಕದಲ್ಲಿ ಶೇ. 27ರಷ್ಟು ಸೋಡಿಯಂ, ಐದು ಗ್ರಾಂ ಸೋಡಾದಲ್ಲಿ ಸುಮಾರು 1,370 ಮಿಲಿಗ್ರಾಂ. 400ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಮೂರೂವರೆ ಗ್ರಾಂ ಉಪ್ಪು ಎಂದು ಉತ್ತರ ಬರುತ್ತದೆ, ಆದರೆ ಅದರಲ್ಲಿ ಉಪ್ಪಿನ ಒಂದು ಕಣವೂ ಇಲ್ಲ. ಟೇಸ್ಟಿಂಗ್ ಪೌಡರ್, ಕೆಡದಂತೆ ಹಾಕುವ ಸೋಡಿಯಂ ಬೆಂಜೊಯೇಟ್ ಇವುಗಳದ್ದೂ ಇದೇ ಕಥೆ. ಲೇಬಲ್ಲಿನ ಸೋಡಿಯಂ ಅಂಕಿ ಇವೆಲ್ಲವನ್ನೂ ಕೂಡಿಸಿಕೊಂಡ ಮೊತ್ತ. ಪದಾರ್ಥಗಳ ಪಟ್ಟಿಯಲ್ಲಿ 500, 621, 211 ಎಂಬ ಸಂಖ್ಯೆಗಳಿದ್ದರೆ, ಆ ಮೊತ್ತದಲ್ಲಿ ಇವುಗಳ ಪಾಲೂ ಇದೆ ಎಂದು ತಿಳಿಯಬೇಕು. ಹಾಗಾಗಿ ನಮ್ಮ ಉತ್ತರವನ್ನು ‘ಇಷ್ಟು ಉಪ್ಪಿಗೆ ಸಮ’ ಎಂದು ಓದಿಕೊಳ್ಳುವುದು ಸರಿ. ಜಪಾನಿನ ಲೇಬಲ್ಲುಗಳು ನೇರವಾಗಿ ಹಾಗೆಯೇ ಬರೆಯುತ್ತವೆ. ಬ್ರಿಟನ್ನು ಮತ್ತು ಯುರೋಪಿನಲ್ಲಿ ಸೋಡಿಯಂ ಕಾಲಮ್ಮೇ ಇಲ್ಲ, ಕಂಪನಿಯೇ 2.5ರಿಂದ ಗುಣಿಸಿ ‘ಉಪ್ಪು’ ಎಂದು ಗ್ರಾಂನಲ್ಲಿ ಅಚ್ಚು ಹಾಕುತ್ತದೆ. ಲಂಡನ್ನಿನಿಂದ ಬಂದ ಮಗಳು ತಂದ ಬಿಸ್ಕತ್ತಿನ ಮೇಲೆ ಉಪ್ಪು 1 ಗ್ರಾಂ ಎಂದಿದ್ದರೆ, ಇಲ್ಲಿನ ಬಿಸ್ಕತ್ತಿನ 400 ಮಿಲಿಗ್ರಾಂ ಸೋಡಿಯಂ ಅದಕ್ಕೆ ಸಮ. ಆ ಒಂದನ್ನು ಮತ್ತೆ ಎರಡೂವರೆಯಿಂದ ಗುಣಿಸಬೇಡಿ.

ಎಚ್ಚರ ಹೆಚ್ಚು ಬೇಕಾದದ್ದು ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನ ವಿಷಯದಲ್ಲಿ. ಅಂಥ ಪ್ಯಾಕೆಟ್ಟಿನ ಮೇಲೆ ನೂರು ಗ್ರಾಂಗೆ 33,000 ಮಿಲಿಗ್ರಾಂ ಎಂದಿದ್ದರೆ, 400ರಿಂದ ಭಾಗಿಸಿದಾಗ ಎಂಬತ್ತೆರಡೂವರೆ ಗ್ರಾಂ ಉಪ್ಪು ಬರುತ್ತದೆ. ಉಳಿದ ಹದಿನೇಳೂವರೆ ಗ್ರಾಂನ ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್. ಬಿಪಿಗೆ ಅದು ಒಳ್ಳೆಯದೇ ಇರಬಹುದು. ಆದರೆ ಮೂತ್ರಪಿಂಡ ಸೊರಗಿದವರಲ್ಲಿ, ದೇಹದಲ್ಲಿ ಪೊಟ್ಯಾಸಿಯಂ ಉಳಿಸುವ ಕೆಲವು ಬಿಪಿ ಮಾತ್ರೆ ನುಂಗುವವರಲ್ಲಿ, ಹೆಚ್ಚಿದ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು. ಸೋಡಿಯಂ ಲೆಕ್ಕ ಎಷ್ಟು ಚೆನ್ನಾಗಿ ಬಂದರೂ ಅದರಲ್ಲಿ ಈ ಅಪಾಯ ಕಾಣಿಸುವುದಿಲ್ಲ. ಅಂಥವರು ಪ್ಯಾಕೆಟ್ ಬದಲಿಸುವ ಮುಂಚೆ ಅದನ್ನೇ ಒಯ್ದು ವೈದ್ಯರಿಗೆ ತೋರಿಸಬೇಕು.