‘ಬಿಲ್ಲು ಬಂದಿಲ್ಲ’: ಮಂಡ್ಯ ಸೀಮೆಯ ಮಿಶ್ರ ಮಾತಿನಲ್ಲಿ ಅನುವಾದಿಸುವ ಪದ, ಉಳಿಸುವ ಪದ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಕಬ್ಬು ಬೆಳೆಗಾರರ ಮಾತಿನಲ್ಲಿ ಇಂಗ್ಲಿಷ್ ಪದಗಳು ಧಾರಾಳವಾಗಿ ಬೆರೆತಿವೆ. ಈ ಮಾತನ್ನು ದ್ವಿಭಾಷಾ ಪತ್ರಿಕೆಯಲ್ಲಿ ಪ್ರಕಟಿಸುವಾಗ ಸಾಮಾನ್ಯವಾಗಿ ಮೂರು ಸಾಲುಗಳು ಬೇಕಾಗುತ್ತವೆ: ಆಡಿದಂತೆಯೇ ಬರೆದ ಸಾಲು, ಶಿಷ್ಟ ಕನ್ನಡದ ಸಾಲು, ಇಂಗ್ಲಿಷ್ ಅನುವಾದದ ಸಾಲು. ಮೊದಲ ಸಾಲಿನಲ್ಲಿ ಆಯ್ಕೆಗೆ ಎಡೆಯಿಲ್ಲ. ಕಿವಿಗೆ ಬಿದ್ದುದನ್ನು ಬರೆಯಬೇಕು, ಅಷ್ಟೆ. ಸಮಸ್ಯೆ ಇರುವುದು ಉಳಿದೆರಡರಲ್ಲಿ. ಯಾವ ಇಂಗ್ಲಿಷ್ ಪದಕ್ಕೆ ಕನ್ನಡ ಪದವನ್ನು ಕೊಡಬೇಕು, ಯಾವುದನ್ನು ಹಾಗೆಯೇ ಬಿಡಬೇಕು? ಮೇಲುನೋಟಕ್ಕೆ ವಿಚಿತ್ರವೆನಿಸಿದರೂ ಇದಕ್ಕೆ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ: ಯಾವ ಇಂಗ್ಲಿಷ್ ಪದವನ್ನು ಇಂಗ್ಲಿಷಿಗೂ ಅನುವಾದಿಸಬೇಕು?

ಚರ್ಚೆಗೆ ಒಂದು ಮಾದರಿಯನ್ನು ಎತ್ತಿಕೊಳ್ಳೋಣ. ಇದು ಈ ಭಾಗದ ಮಾತಿನ ರೀತಿಯಲ್ಲಿ ನಾವೇ ಕಟ್ಟಿಕೊಂಡದ್ದು. ಯಾರೊಬ್ಬರ ಧ್ವನಿಮುದ್ರಣದ ನಕಲಲ್ಲ.

“ಕೂಳೆ ಕಬ್ಬು, ಕಟಿಂಗ್ ಆರ್ಡ್ರು ಕೊಟ್ಟಿದ್ರು, ಕ್ಯಾನ್ಸಲ್ ಆಯ್ತು. ಬಿಸ್ಲಿಗೆ ತೂಕ ಓಯ್ತದೆ, ರಿಕವರಿ ಡೌನಾಯ್ತದೆ. ವೋದ್ ಸಲದ್ದೇ ಬಿಲ್ಲು ಬಂದಿಲ್ಲ. ಆಲೆಮನೆಯವ್ರು ಕಡ್ಕಂಡ್ ಓದ್ರೆ ದುಡ್ಡಾದ್ರೂ ಕೈಗ್ ಬತ್ತದೆ.”

ಮೊದಲು ಹೊಳೆಯುವ ಒರೆಗಲ್ಲು ರೂಪದ್ದು. ಪದವು ಕನ್ನಡದ ಧ್ವನಿನಿಯಮಕ್ಕೆ ಒಗ್ಗಿ, ಕನ್ನಡದ ವಿಭಕ್ತಿಯನ್ನು ಹೊತ್ತಿದ್ದರೆ ಅದು ಎರವಲು ಪದ, ಆದ್ದರಿಂದ ಉಳಿಸಬಹುದು. ಇಲ್ಲವಾದರೆ ಅದು ಸಂಕೇತ ಮಿಶ್ರಣ, ಆದ್ದರಿಂದ ಅನುವಾದಿಸಬೇಕು ಎಂಬ ವಾದ. ಕನ್ನಡದಲ್ಲಿ ಈ ಒರೆಗಲ್ಲು ಏನನ್ನೂ ಬೇರ್ಪಡಿಸುವುದಿಲ್ಲ. ವ್ಯಂಜನಾಂತ್ಯವಾದ ಯಾವ ಇಂಗ್ಲಿಷ್ ನಾಮಪದವಾದರೂ ಬಾಯಿಗೆ ಬಂದ ಕೂಡಲೇ ಉಕಾರವನ್ನು ಪಡೆಯಬಲ್ಲದು, ಹ್ರಸ್ವದ ಮುಂದೆ ದ್ವಿತ್ವವಾಗಬಲ್ಲದು: ಪರ್ಮಿಟ್ಟು, ಮಾರ್ಕೆಟ್ಟು, ಬಿಲ್ಲು. ‘ಪರ್ಮಿಟ್ಟಿಗೆ’, ‘ಬಿಲ್ಲಿನ’ ಎಂಬ ರೂಪಗಳಿಗೆ ತಲೆಮಾರುಗಳ ಬಳಕೆ ಬೇಕಿಲ್ಲ. ನಿನ್ನೆ ಕೇಳಿದ ಪದವೂ ಇಂದು ಹೀಗೆ ನಡೆದುಕೊಳ್ಳುತ್ತದೆ. ಸಂಕಾಫ್, ಪಾಪ್ಲ್ಯಾಕ್ ಮತ್ತು ವನ್ನಿಯರಾಜನ್ 1990ರಲ್ಲಿ ತಮಿಳಿನ ಬಗ್ಗೆ ತೋರಿಸಿದ್ದು ಇದನ್ನೇ: ಒಮ್ಮೆ ಮಾತ್ರ ಬಳಕೆಯಾದ ಇಂಗ್ಲಿಷ್ ನಾಮಪದವೂ ವ್ಯಾಕರಣದ ಮಟ್ಟಿಗೆ ತಮಿಳು ಪದದಂತೆಯೇ ವರ್ತಿಸುತ್ತದೆ. ನಮ್ಮ ಉದಾಹರಣೆಯ ‘ಬಿಲ್ಲು’ ಅಂತೂ ಬಾಣ ಹೂಡುವ ಬಿಲ್ಲಿನೊಡನೆ ಎಲ್ಲ ವಿಭಕ್ತಿಗಳಲ್ಲೂ ಒಂದಾಗಿಬಿಟ್ಟಿದೆ. ರೂಪವು ಪದದ ವ್ಯಾಕರಣವನ್ನು ಹೇಳುತ್ತದೆಯೇ ಹೊರತು ಅನುವಾದಕನ ಕರ್ತವ್ಯವನ್ನಲ್ಲ.

ಎರಡನೆಯ ಒರೆಗಲ್ಲು ಮೂಲದ್ದು. ಅಚ್ಚಗನ್ನಡ ಪದವಿದ್ದರೆ ಅದನ್ನೇ ಕೊಡಬೇಕು ಎಂಬ ನಿಲುವು ಇದು. ಇದರ ಕಷ್ಟವೆಂದರೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯುವುದಿಲ್ಲ. ‘ಕ್ಯಾನ್ಸಲ್’ಗೆ ಬದಲಾಗಿ ನಾವು ನಿಶ್ಚಿಂತೆಯಿಂದ ಬರೆಯುವ ‘ರದ್ದು’ ಅರಬ್ಬಿ ಮೂಲದ್ದು. ಮಂಡ್ಯದ ರೈತನ ಬದುಕಿನ ನಡುವೆ ಹರಿಯುವ ‘ನಾಲೆ’ ಉತ್ತರದಿಂದ ಬಂದದ್ದು. ಕನ್ನಡದ್ದೇ ಆದ ‘ಕಾಲುವೆ’ ಪಕ್ಕದಲ್ಲಿದೆ. ನಾಲೆಯನ್ನು ಕಾಲುವೆ ಎಂದು ತಿದ್ದಲು ಯಾವ ಸಂಪಾದಕರೂ ಮುಂದಾಗುವುದಿಲ್ಲ. ಇಂಗ್ಲಿಷ್ ಪದಕ್ಕೆ ಮಾತ್ರ ಮೂಲವನ್ನು ಕೇಳುವುದು ಅಭಿಮಾನದ ಮಾತಾದೀತು, ಅನುವಾದದ ತತ್ತ್ವವಾಗಲಾರದು.

ನಾವು ಸೂಚಿಸುವ ಒರೆಗಲ್ಲು ವೈದೃಶ್ಯದ್ದು. ಅದೇ ಮಾತುಗಾರರ ಬಾಯಲ್ಲಿ ಆ ಇಂಗ್ಲಿಷ್ ಪದವೂ ನಾವು ಇಡಬೇಕೆಂದಿರುವ ಕನ್ನಡ ಪದವೂ ಎರಡೂ ಇದ್ದು, ಅವುಗಳ ನಡುವೆ ಅರ್ಥದ ಹಂಚಿಕೆ ಆಗಿದೆಯೇ? ಆಗಿದ್ದರೆ ಕನ್ನಡ ಪದವನ್ನು ಇಟ್ಟಕೂಡಲೇ ಆ ಹಂಚಿಕೆ ಅಳಿಯುತ್ತದೆ. ಆಗ ಇಂಗ್ಲಿಷ್ ಪದವನ್ನು ಉಳಿಸಬೇಕು. ಹಂಚಿಕೆ ಇಲ್ಲದಿದ್ದರೆ ಅನುವಾದಿಸಲು ಅಡ್ಡಿಯಿಲ್ಲ. 1978ರಲ್ಲಿ ಎಸ್.ಎನ್. ಶ್ರೀಧರ್ ಅವರು ಕನ್ನಡದ ಸಂಕೇತ ಮಿಶ್ರಣದ ಕಾರ್ಯಗಳನ್ನು ಚರ್ಚಿಸಿದಂದಿನಿಂದ ಮಿಶ್ರಣವು ಪದದಾರಿದ್ರ್ಯದ ಫಲವಲ್ಲವೆಂಬುದು ನಮಗೆ ಹೊಸತಲ್ಲ. ಇಲ್ಲಿ ಅದನ್ನು ಒಂದೊಂದು ಪದದ ಮಟ್ಟಕ್ಕೆ ಇಳಿಸಿ ನೋಡಬೇಕಾಗಿದೆ.

‘ರಿಕವರಿ’ಯಿಂದ ಆರಂಭಿಸೋಣ. ಕಾರ್ಖಾನೆ ನುರಿಸಿದ ಕಬ್ಬಿನ ತೂಕದಲ್ಲಿ ಶೇಕಡಾ ಎಷ್ಟು ಸಕ್ಕರೆ ದೊರೆಯಿತೆಂಬುದು ಇದರ ಅರ್ಥ. ಪತ್ರಿಕೆಗಳು ಇದನ್ನು ‘ಸಕ್ಕರೆ ಇಳುವರಿ’ ಎನ್ನುತ್ತವೆ. ರೈತನ ಮಾತಿನಲ್ಲಿ ‘ಇಳುವರಿ’ ಬೇರೊಂದು ಕೆಲಸಕ್ಕೆ ಗೊತ್ತಾಗಿದೆ: ಎಕರೆಗೆ ಎಷ್ಟು ಟನ್ ಕಬ್ಬು ಬಂದಿತೆಂಬುದು. ಒಂದು ಗದ್ದೆಯಲ್ಲಿ ಇಳುವರಿ ಹೆಚ್ಚಿದ್ದು ರಿಕವರಿ ಕಡಿಮೆ ಇರಬಹುದು. ನೀರುಂಡು ಬೆಳೆದ ಕಬ್ಬು ತೂಗುತ್ತದೆ, ಸಕ್ಕರೆ ಕೊಡುವುದಿಲ್ಲ. ಇದು ಮಾತಿನ ಸೂಕ್ಷ್ಮವಷ್ಟೇ ಅಲ್ಲ, ಹಣದ ಲೆಕ್ಕ. ಕೇಂದ್ರ ಸರ್ಕಾರವು 2024–25ರ ಹಂಗಾಮಿಗೆ ನಿಗದಿಮಾಡಿದ ಕ್ವಿಂಟಲಿಗೆ 340 ರೂಪಾಯಿಯ ದರ ಶೇ. 10.25 ರಿಕವರಿಗೆ ಕಟ್ಟಿದ್ದು. ಅದಕ್ಕಿಂತ ಏರಿದರೆ ದರವೂ ಏರುತ್ತದೆ. ಹಣ ಪಡೆಯುವವನು ಇಳುವರಿಯನ್ನು ತನ್ನ ಗದ್ದೆಯಲ್ಲಿ ಕಣ್ಣಾರೆ ಕಾಣುತ್ತಾನೆ. ರಿಕವರಿಯನ್ನು ಕಾರ್ಖಾನೆಯ ಲೆಕ್ಕದಿಂದ ಕೇಳಿ ತಿಳಿಯುತ್ತಾನೆ. ಶಿಷ್ಟ ಕನ್ನಡದ ಸಾಲಿನಲ್ಲಿ ‘ಇಳುವರಿ ಕಡಿಮೆಯಾಗುತ್ತದೆ’ ಎಂದು ಬರೆದರೆ ಕಾರ್ಖಾನೆಯ ಲೆಕ್ಕವೊಂದು ರೈತನ ಹೊಲದ ದೋಷವಾಗಿ ಓದಿಸಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ‘ರಿಕವರಿ’ ಉಳಿಯಬೇಕು. ಅದೇ ಮಾತುಗಾರ ‘ಬ್ಯಾಂಕಿನವ್ರು ರಿಕವರಿಗೆ ಬಂದಿದ್ರು’ ಎಂದಾಗ ಮಾತ್ರ ‘ವಸೂಲಿ’ ಎಂದು ಸಲೀಸಾಗಿ ಬದಲಿಸಬಹುದು. ಅಲ್ಲಿ ಎರಡು ಪದಗಳೂ ಒಂದೇ ಕೆಲಸ ಮಾಡುತ್ತವೆ. ಹೀಗೆ ತೀರ್ಮಾನವು ಪದಕ್ಕಲ್ಲ, ಪದದ ಒಂದೊಂದು ಬಳಕೆಗೆ ಅನ್ವಯಿಸುವಂಥದ್ದು. ‘ರಿಕವರಿ = ಇಂಥದ್ದು’ ಎಂದು ಮೊದಲೇ ಪಟ್ಟಿ ಮಾಡಿಟ್ಟುಕೊಂಡು ಪಠ್ಯದುದ್ದಕ್ಕೂ ಅನ್ವಯಿಸುವ ಸಂಶೋಧಕರು ಎಡವುವುದು ಇಲ್ಲಿಯೇ.

‘ಕಟಿಂಗ್’ ಕೂಡ ಇದೇ ಬಗೆಯದು. ಮೇಲಿನ ಮಾತಿನಲ್ಲಿ ಎರಡು ‘ಕಡಿಯುವಿಕೆ’ಗಳಿವೆ: ಕಾರ್ಖಾನೆಯದು ‘ಕಟಿಂಗ್’, ಆಲೆಮನೆಯವರದು ‘ಕಡ್ಕಂಡ್ ಓಗೋದು’. ಮೊದಲನೆಯದು ಸರದಿ, ಆದೇಶ, ಅನುಮತಿಗಳ ಲೋಕಕ್ಕೆ ಸೇರಿದ್ದು. ಎರಡನೆಯದು ಮಚ್ಚು ಹಿಡಿದ ಕೈಯ ಕೆಲಸ. ಎರಡನ್ನೂ ‘ಕಟಾವು’ ಎಂದು ಸಮಗೊಳಿಸಿದರೆ ಆಡಿದವನು ಮಾಡಿದ ಹೋಲಿಕೆಯೇ ಕಾಣೆಯಾಗುತ್ತದೆ.

ಇನ್ನು ಶೀರ್ಷಿಕೆಯ ‘ಬಿಲ್ಲು’. ಇಂಗ್ಲಿಷಿನ ಸಾಮಾನ್ಯ ಓದುಗನಿಗೆ ಬಿಲ್ ಎಂದರೆ ತಾನು ಕೊಡಬೇಕಾದ ಹಣದ ಚೀಟಿ. ಅದು ಬಾರದಿದ್ದರೆ ನೆಮ್ಮದಿ. ಕಬ್ಬಿನ ಬಿಲ್ಲು ಇದಕ್ಕೆ ತಿರುಗುಮುರುಗು: ಕಾರ್ಖಾನೆಯಿಂದ ರೈತನಿಗೆ ಬರಬೇಕಾದ ಹಣ. ಅದೇ ಮನೆಯ ‘ಕರೆಂಟ್ ಬಿಲ್ಲು’ ಮಾತ್ರ ಇಂಗ್ಲಿಷಿನ ದಿಕ್ಕಿನಲ್ಲಿಯೇ ಇದೆ. ಎರಡಕ್ಕೂ ಕ್ರಿಯಾಪದ ‘ಬರು’ ಎಂಬುದೇ ಆದ್ದರಿಂದ ವಾಕ್ಯರಚನೆ ನೆರವಿಗೆ ಬರುವುದಿಲ್ಲ. ಇಂಗ್ಲಿಷ್ ಸಾಲಿನಲ್ಲಿ ‘ಬಿಲ್’ ಎಂದೇ ಇಟ್ಟರೆ ದೂರು ಸಮಾಧಾನವಾಗಿ ಬದಲಾಗುತ್ತದೆ. ಇಲ್ಲಿ ಇಂಗ್ಲಿಷ್ ಪದವನ್ನು ಇಂಗ್ಲಿಷಿಗೆ ಅನುವಾದಿಸಲೇಬೇಕು; ‘ಪೇಮೆಂಟ್’ ಎಂಬ ಪದ ಸಾಕು. ವಿದ್ಯುತ್ತಿನ ಅರ್ಥದ ‘ಕರೆಂಟು’, ಕೊಳವೆಬಾವಿಯ ಅರ್ಥದ ‘ಬೋರು’ ಇವೂ ಇದೇ ಗುಂಪಿನವು.

ಶಿಷ್ಟ ಕನ್ನಡದ ಸಾಲಿನಲ್ಲಿ ಅಪಾಯ ಇನ್ನೊಂದು ಕಡೆಯಿಂದ ಬರುತ್ತದೆ. ‘ಬಿಲ್ಲು ಬಂದಿಲ್ಲ’ ಎಂಬುದನ್ನು ‘ಕಬ್ಬಿನ ಬಾಕಿ ಪಾವತಿಯಾಗಿಲ್ಲ’ ಎಂದು ಬರೆಯುವ ರೂಢಿಯಿದೆ. ‘ಬಾಕಿ’ ತಟಸ್ಥ ಪದವಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಸಲ್ಲಬೇಕು; ಆ ಗಡುವು ಮೀರಿದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ ಸೇರುತ್ತದೆ. ‘ಬಿಲ್ಲು ಬಂದಿಲ್ಲ’ ಎಂಬ ಮಾತನ್ನು ಹತ್ತನೆಯ ದಿನವೂ ಆಡಬಹುದು, ನೂರನೆಯ ದಿನವೂ ಆಡಬಹುದು. ಹತ್ತನೆಯ ದಿನದ ಮಾತಿಗೆ ‘ಬಾಕಿ’ ಎಂದಿಟ್ಟರೆ ಆಡದ ಆರೋಪವನ್ನು ಅವನ ಬಾಯಲ್ಲಿ ತುರುಕಿದಂತೆ. ನೂರನೆಯ ದಿನದ ಮಾತನ್ನು ‘ಹಣ ಇನ್ನೂ ಬಂದಿಲ್ಲ’ ಎಂದು ಮೆದುಗೊಳಿಸಿದರೂ ಅನ್ಯಾಯವೇ. ಮಾದರಿಯಲ್ಲಿ ‘ವೋದ್ ಸಲದ್ದೇ’ ಎಂಬ ಅವಧಾರಣೆ ಇರುವುದರಿಂದ ಗಡುವು ಮೀರಿದೆಯೆಂದು ಊಹಿಸಲು ಆಧಾರವಿದೆ. ಆದರೂ ‘ಬಿಲ್ಲು’ ಎಂದೇ ಉಳಿಸಿ, ಗಡುವಿನ ಸಂಗತಿಯನ್ನು ವಿವರಣೆಯಲ್ಲಿ ಹೇಳುವುದು ನಮಗೆ ಸರಿಯೆನಿಸುತ್ತದೆ. ಇಂಥ ಪಠ್ಯಗಳು ಮನವಿಪತ್ರಕ್ಕೂ ವರದಿಗೂ ಉದ್ಧೃತವಾಗಬಲ್ಲವು ಎಂಬುದನ್ನು ಭಾಷಾವಿಜ್ಞಾನಿಗಳು ಮರೆಯುವುದು ಹೆಚ್ಚು.

‘ಡೌನಾಯ್ತದೆ’ಯಲ್ಲಿ ಇಂಥ ತೊಡಕಿಲ್ಲ, ಆ ಜಾಗದಲ್ಲಿ ‘ಕಡ್ಮೆ ಆಯ್ತದೆ’ ಎಂದರೂ ಲೋಕದ ಸ್ಥಿತಿ ಬದಲಾಗದು, ಅನುವಾದಿಸಬಹುದು. ‘ಕ್ಯಾನ್ಸಲ್ ಆಯ್ತು’ ಎಂಬುದನ್ನೂ ಅನುವಾದಿಸಬಹುದು, ಆದರೆ ಅದರ ‘ಆಗು’ವನ್ನು ಕಾಯ್ದುಕೊಳ್ಳಬೇಕು. ಇಂಗ್ಲಿಷ್ ಧಾತುವಿಗೆ ಕನ್ನಡ ಕ್ರಿಯಾಪದ ಸೇರುವಾಗ ‘ಮಾಡು’ ಕರ್ತೃವನ್ನು ಬೇಡುತ್ತದೆ, ‘ಆಗು’ ಬೇಡುವುದಿಲ್ಲ. ‘ಆರ್ಡ್ರು ಕೊಟ್ಟಿದ್ರು, ಕ್ಯಾನ್ಸಲ್ ಆಯ್ತು’ ಎಂಬಲ್ಲಿ ಕೊಟ್ಟವರಿದ್ದಾರೆ, ರದ್ದು ಮಾಡಿದವರು ಯಾರೆಂದು ಹೇಳಿಲ್ಲ. ‘ರದ್ದಾಯಿತು’ ಸರಿ, ‘ರದ್ದುಮಾಡಲಾಯಿತು’ ಎಂದು ಕಚೇರಿಯ ಕರ್ಮಣಿಗೆ ತಿರುಗಿಸಿದರೆ ಮರೆಯಲ್ಲೊಬ್ಬ ಕರ್ತೃ ಬಂದು ನಿಲ್ಲುತ್ತಾನೆ.

ಸ್ಥಳನಾಮಗಳನ್ನು ಬೇಗನೆ ಮುಗಿಸಬಹುದು. ‘ವಿ.ಸಿ. ನಾಲೆ’ಯಲ್ಲಿ ‘ಸಿ’ ಎಂಬುದೇ ಕೆನಾಲ್. ಬಿಡಿಸಿ ಅನುವಾದಿಸಿದರೆ ‘ವಿಶ್ವೇಶ್ವರಯ್ಯ ನಾಲೆ ನಾಲೆ’ ಆಗುತ್ತದೆ. ಆಡುವವರಿಗೆ ಅದು ಒಡೆಯದ ಹೆಸರು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಕಡೆ ‘ಬ್ಲಫ್’ ಎಂಬುದು ಊರಿನ ಹೆಸರು; ಕಡಿದಾದ ದಿಣ್ಣೆ ಎಂಬ ಮೂಲಾರ್ಥ ಇಂಗ್ಲಿಷ್ ಬಲ್ಲವರಿಗೂ ಸುಲಭಕ್ಕೆ ಹೊಳೆಯುವುದಿಲ್ಲ. ಇಂಥವನ್ನು ಮುಟ್ಟಬಾರದು.

ವೈದೃಶ್ಯವಿದೆಯೋ ಇಲ್ಲವೋ ಎಂದು ತಿಳಿಯುವ ಬಗೆ ಹೇಗೆ? ‘ಇದಕ್ಕೆ ಕನ್ನಡದಲ್ಲಿ ಏನಂತೀರಿ?’ ಎಂದು ಕೇಳುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಅದಕ್ಕೆ ಸಿಗುವುದು ಶಾಲೆಯ ಉತ್ತರ: ಎಂದೂ ಆಡದ ‘ವಿದ್ಯುಚ್ಛಕ್ತಿ’ ಆಗ ಹೊರಬರುತ್ತದೆ. ಅದರ ಬದಲು ಕನ್ನಡ ಪದವನ್ನಿಟ್ಟ ವಾಕ್ಯವನ್ನು ಅದೇ ಊರಿನ ಇನ್ನೊಬ್ಬರ ಮುಂದೆ ಆಡಿ, ಸನ್ನಿವೇಶದ ಬಗ್ಗೆ ಪ್ರಶ್ನೆ ಕೇಳಬೇಕು. ‘ಈ ಸಲ ಇಳುವರಿ ಕಮ್ಮಿಯಂತೆ’ ಎಂದಾಗ ಅವರು ಗೊಬ್ಬರ, ನೀರುಗಳ ಮಾತೆತ್ತಿದರೆ, ‘ರಿಕವರಿ ಕಮ್ಮಿಯಂತೆ’ ಎಂದಾಗ ಕಾರ್ಖಾನೆಯ ಮಾತೆತ್ತಿದರೆ ಹಂಚಿಕೆ ಖಚಿತ. ಎರಡಕ್ಕೂ ಒಂದೇ ಬಗೆಯ ಉತ್ತರ ಬಂದರೆ ಅನುವಾದಿಸಬಹುದು. ಮದ್ದೂರಿನ ಎಳನೀರು ವ್ಯಾಪಾರದ ‘ರೇಟು’ ಮತ್ತು ‘ಬೆಲೆ’ಗಳನ್ನು ಹೀಗೆ ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ, ಬಹುತೇಕ ಸಂದರ್ಭಗಳಲ್ಲಿ ಅವು ಅದಲುಬದಲಾಗುತ್ತವೆಂಬುದು ನಮ್ಮ ನಿರೀಕ್ಷೆ.

ಈ ಒರೆಗಲ್ಲಿಗೂ ಒಂದು ಮಿತಿಯಿದೆ. ಅದು ಅಳೆಯುವುದು ವಾಚ್ಯಾರ್ಥದ ಭೇದವನ್ನು ಮಾತ್ರ. ‘ಡೌನಾಯ್ತದೆ’ ಎಂದವನು ‘ಕಡ್ಮೆ ಆಯ್ತದೆ’ ಎನ್ನದೆ ಹೋದುದಕ್ಕೆ ಎದುರಿಗಿದ್ದ ಸಂದರ್ಶಕನ ದಿರಿಸೋ ಧ್ವನಿಮುದ್ರಕವೋ ಕಾರಣವಿದ್ದೀತು; ಆ ಸಂಗತಿ ಶಿಷ್ಟ ಸಾಲಿನಲ್ಲಿ ಉಳಿಯುವುದಿಲ್ಲ. ಅದನ್ನು ಅಧ್ಯಯನ ಮಾಡುವವರು ಮೊದಲ ಸಾಲಿಗೇ ಹಿಂದಿರುಗಬೇಕು. ಆದ್ದರಿಂದ ಪುಟದ ಒತ್ತಡ ಎಷ್ಟೇ ಇದ್ದರೂ ಆ ಸಾಲನ್ನು ಬಿಟ್ಟು ಕೇವಲ ಅನುವಾದವನ್ನು ಅಚ್ಚುಮಾಡುವುದನ್ನು ನಾವು ಒಪ್ಪುವುದಿಲ್ಲ.